ಬೀದಿ ಪರದೆ ಬರೆಯಲು ಎರಡು ಬಗೆಯ ಚೌಕಗಳು

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳಿಗೆ ಬೇಕಾದ ಅರಮನೆ, ದರ್ಬಾರು, ಕಾಡು ಮುಂತಾದ ಪರದೆಗಳು ಸೀನರಿಯವರಿಂದ ಬಾಡಿಗೆಗೆ ಸಿಗುತ್ತವೆ. ಆದರೆ ಶಾಲೆಯ ವಾರ್ಷಿಕೋತ್ಸವಕ್ಕೋ ಯುವಕ ಸಂಘದ ಸಾಮಾಜಿಕ ನಾಟಕಕ್ಕೋ ನಮ್ಮ ಕಡೆಯ ಹೆಂಚಿನ ಮನೆ, ಜಗಲಿ, ಕೊನೆಯಲ್ಲೊಂದು ಗುಡಿ ಇರುವ ಬೀದಿಯೇ ಬೇಕೆಂದಾದರೆ ಅದನ್ನು ನಾವೇ ಬರೆದುಕೊಳ್ಳಬೇಕಾಗುತ್ತದೆ. ಹಾಗೆ ಬರೆಯುವವರು ಸಾಮಾನ್ಯವಾಗಿ ಕಾಗದದ ಮೇಲಿನ ಚಿತ್ರಕ್ಕೆ ಚೌಕ ಹಾಕಿ, ಬಟ್ಟೆಯ ಮೇಲೂ ದೊಡ್ಡ ಚೌಕಗಳನ್ನು ಹಾಕಿ, ಒಂದೊಂದು ಚೌಕದಲ್ಲಿರುವುದನ್ನು ನೋಡಿಕೊಂಡು ಹಿಗ್ಗಿಸುತ್ತಾರೆ. ಇದು ಸರಿಯಾದ ಕ್ರಮವೇ. ಆದರೆ ಈ ಚೌಕ ಮಾಡುವ ಕೆಲಸ ನಕಲು ಮಾತ್ರ. ಸಣ್ಣ ಚಿತ್ರದಲ್ಲಿ ತಪ್ಪಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ 12 ಪಟ್ಟು ದೊಡ್ಡದು ಮಾಡುತ್ತದೆ. ಬೀದಿ ನಿಜವಾಗಿ ಒಳಕ್ಕೆ ಹೋದಂತೆ ಕಾಣಬೇಕಾದರೆ ಅದಕ್ಕೂ ಮೊದಲು ಇನ್ನೊಂದು ಬಗೆಯ ಚೌಕ ಬೇಕು. ಅದು ಬೀದಿಯ ನೆಲದ ಮೇಲೆ ಹಾಸಿದಂತಿದ್ದು, ದೂರ ಹೋದಂತೆಲ್ಲ ಕಿರಿದಾಗುವ ಚೌಕ. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಒಂದು ಬಿಂದುವಿನ ಪರ್ಸ್‌ಪೆಕ್ಟಿವ್ ಎಂಬ ವಿಷಯದಲ್ಲಿ ಹೆದರುವಂಥದ್ದೇನೂ ಉಳಿಯುವುದಿಲ್ಲ.

16 ಅಡಿ ಅಗಲ, 10 ಅಡಿ ಎತ್ತರದ ಪರದೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ನೋಡೋಣ. ಒಂದು ಅಡಿಗೆ ಒಂದು ಅಂಗುಲ ಎಂದು ಹಿಡಿದರೆ ಸಣ್ಣ ಚಿತ್ರದ ಅಳತೆ 16 ಅಂಗುಲಕ್ಕೆ 10 ಅಂಗುಲವಾಗುತ್ತದೆ, ಅದು ಒಂದು ಎ3 ಹಾಳೆಯಲ್ಲಿ ಹಿಡಿಸುತ್ತದೆ. ಹಾಳೆಯ ಮೇಲೆ ಈ ಅಳತೆಯ ಚೌಕಟ್ಟನ್ನು ಎಳೆದುಕೊಂಡು, ಅದರ ಕೆಳ ಅಂಚನ್ನು ರಂಗದ ನೆಲವೆಂದು ಭಾವಿಸಬೇಕು. ಪರದೆಯ ಕೆಳ ಅಂಚಿನಲ್ಲಿರುವ ವಸ್ತುಗಳು ನಿಜ ಗಾತ್ರದವು, ಅಲ್ಲಿಂದ ಆಚೆಗಿರುವುದೆಲ್ಲ ಕ್ರಮೇಣ ಚಿಕ್ಕದಾಗುತ್ತದೆ.

ಮೊದಲು ಎಳೆಯಬೇಕಾದ ಗೆರೆ ಕಣ್ಣಿನ ಮಟ್ಟದ್ದು. ಇದನ್ನು ಕಣ್ಮಟ್ಟ ಎಂದು ಕರೆಯೋಣ. ನೋಡುವವನ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಚಿತ್ರದಲ್ಲಿ ಈ ಗೆರೆಯೂ ಅಷ್ಟೇ ಎತ್ತರದಲ್ಲಿರುತ್ತದೆ. ಇಲ್ಲಿ ನಾಟಕದ ಪರದೆಗೆ ಒಂದು ವಿಶೇಷ ತೊಡಕಿದೆ. ರಂಗದ ಎತ್ತರ ಮೂರು ಅಡಿಯಿದ್ದು ಪ್ರೇಕ್ಷಕರು ಕುರ್ಚಿಯ ಮೇಲೆ ಕುಳಿತರೆ ಅವರ ಕಣ್ಣು ಹೆಚ್ಚುಕಡಿಮೆ ರಂಗದ ನೆಲದ ಮಟ್ಟಕ್ಕೇ ಬರುತ್ತದೆ. ಜಮಖಾನದ ಮೇಲೆ ಕುಳಿತರೆ ಅದಕ್ಕಿಂತಲೂ ಕೆಳಗಿರುತ್ತದೆ. ಲೆಕ್ಕವನ್ನು ಅಕ್ಷರಶಃ ಪಾಲಿಸಿದರೆ ಕಣ್ಮಟ್ಟವು ಪರದೆಯ ಕೆಳ ಅಂಚಿಗೆ ಇಳಿದು, ಬೀದಿಯ ನೆಲವೇ ಕಾಣದಂತಾಗುತ್ತದೆ. ಬದಲಿಗೆ, ಎತ್ತರದಿಂದ ತೆಗೆದ ಫೋಟೋ ನೋಡಿ ಕಣ್ಮಟ್ಟವನ್ನು ಆರೇಳು ಅಡಿಗೆ ಏರಿಸಿದರೆ, ಬೀದಿ ಗೋಡೆಗೆ ಒರಗಿಸಿಟ್ಟ ಹಲಗೆಯಂತೆ ಮೇಲೆದ್ದು, ಅದರ ಮುಂದೆ ನಿಂತ ಪಾತ್ರಧಾರಿ ಹಳ್ಳದಲ್ಲಿ ನಿಂತಂತೆ ಕಾಣುತ್ತಾನೆ. ಆದ್ದರಿಂದ ನಿಂತವನ ಕಣ್ಣಿಗಿಂತ ತುಸು ಕೆಳಗೆ, ನಾಲ್ಕು ಅಡಿಯಲ್ಲಿ ಕಣ್ಮಟ್ಟವನ್ನು ಇಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸೂಕ್ತವಾದ ರಾಜಿ. ನಮ್ಮ ಹಾಳೆಯಲ್ಲಿ ಅದು ಕೆಳ ಅಂಚಿನಿಂದ 4 ಅಂಗುಲ ಮೇಲಿನ ಅಡ್ಡಗೆರೆಯಾಗುತ್ತದೆ.

ಈ ಗೆರೆಯ ಮೇಲೆ ಒಂದು ಬಿಂದುವನ್ನು ಆರಿಸಿಕೊಳ್ಳಬೇಕು. ಬೀದಿಯ ಎರಡೂ ಅಂಚು, ಜಗಲಿಯ ಅಂಚು, ಬಾಗಿಲುಗಳ ತಲೆಮಟ್ಟ, ಸೂರಿನ ಸಾಲು, ಹೀಗೆ ನಮ್ಮಿಂದ ನೇರವಾಗಿ ದೂರ ಹೋಗುವ ಎಲ್ಲ ಗೆರೆಗಳೂ ಈ ಒಂದೇ ಬಿಂದುವಿನತ್ತ ಸಾಗುತ್ತವೆ. ಚಿತ್ರಕಲಾ ಶಿಕ್ಷಕರು ಇದನ್ನು ವ್ಯಾನಿಶಿಂಗ್ ಪಾಯಿಂಟ್ ಎನ್ನುತ್ತಾರೆ, ಇಲ್ಲಿ ಕೂಡುಬಿಂದು ಎನ್ನೋಣ. ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯದ ಗೋಪುರಕ್ಕೆ ಎದುರಾಗಿ ಬೀದಿಯಲ್ಲಿ ನಿಂತು, ಎರಡೂ ಬದಿಯ ಕಟ್ಟಡಗಳ ಅಂಚುಗಳನ್ನು ಒಂದು ಸ್ಕೇಲು ಹಿಡಿದು ಗಮನಿಸಿದರೆ ಈ ಕೂಡುವಿಕೆ ಸ್ಪಷ್ಟವಾಗುತ್ತದೆ. ಕಣ್ಣಿಗಿಂತ ಮೇಲಿರುವ ಗೆರೆಗಳು ದೂರ ಹೋದಂತೆ ಇಳಿಯುತ್ತವೆ, ಕೆಳಗಿರುವ ಗೆರೆಗಳು ಏರುತ್ತವೆ, ಸರಿಯಾಗಿ ಕಣ್ಣಿನ ಮಟ್ಟದಲ್ಲಿರುವುದು ಏರದೆ ಇಳಿಯದೆ ಅಡ್ಡಲಾಗಿ ನಿಲ್ಲುತ್ತದೆ. ಕೂಡುಬಿಂದುವನ್ನು ಪರದೆಯ ನಟ್ಟನಡುವೆ ಇಡುವ ಅಭ್ಯಾಸ ಬಹಳ ಜನರಿಗಿದೆ. ಆದರೆ ಮುಖ್ಯ ಪಾತ್ರಗಳು ನಿಲ್ಲುವುದೂ ಅಲ್ಲಿಯೇ ಆದ್ದರಿಂದ ಬೀದಿಯ ಕೊನೆಯ ಗುಡಿ ನಾಟಕದುದ್ದಕ್ಕೂ ಅವರ ಬೆನ್ನ ಹಿಂದೆ ಮರೆಯಾಗುತ್ತದೆ. ಎಡ ಅಂಚಿನಿಂದ 6 ಅಂಗುಲದಲ್ಲಿ ಇಟ್ಟರೆ ಗುಡಿ ಕಾಣುತ್ತದೆ, ಬಲಬದಿಯ ಮನೆಗಳಿಗೂ ಹೆಚ್ಚು ಜಾಗ ಸಿಗುತ್ತದೆ.

ಈಗ ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಿಂದ ಕೂಡುಬಿಂದುವಿಗೆ ಒಂದೊಂದು ಗೆರೆ ಎಳೆಯಬೇಕು. 16 ಅಡಿ ಅಗಲದ ಬೀದಿಯ ಎಡಬಲ ಗೋಡೆಗಳ ಬುಡ ಇವು. ಗೋಡೆಗಳಿಂದ ಬೀದಿಯ ಕಡೆಗೆ ಎರಡು ಅಡಿ ಚಾಚಿದ, ಒಂದು ಅಡಿ ಎತ್ತರದ ಜಗಲಿಗಳಿಗಾಗಿ, ಕೆಳ ಅಂಚಿನಲ್ಲಿ ಎರಡೂ ಮೂಲೆಗಳಿಂದ 2 ಅಂಗುಲ ಒಳಗೆ ಇನ್ನೆರಡು ಗೆರೆಗಳನ್ನು ಎಳೆದುಕೊಳ್ಳಬಹುದು. ಎಡ ಮತ್ತು ಬಲ ಅಂಚುಗಳಲ್ಲಿ 6 ಅಂಗುಲ ಎತ್ತರದಲ್ಲಿ ಬಾಗಿಲಿನ ತಲೆಮಟ್ಟವನ್ನೂ 8 ಅಂಗುಲದಲ್ಲಿ ಸೂರನ್ನೂ ಗುರುತಿಸಿ ಅವನ್ನೂ ಕೂಡುಬಿಂದುವಿಗೆ ಸೇರಿಸಬೇಕು. ಜಗಲಿಯ ಮೇಲಿಂದ ಬಾಗಿಲಿಗೆ ಐದೇ ಅಡಿ ಉಳಿಯುತ್ತದೆ. ತಲೆ ಬಗ್ಗಿಸಿ ಒಳಹೋಗುವ ಹಳೆಯ ಮನೆಗಳಿಗೆ ಅಷ್ಟೇ ಸರಿ.

ಕಣ್ಮಟ್ಟ ನಾಲ್ಕು ಅಡಿ ಎಂದು ನಿರ್ಧರಿಸಿದ್ದರ ದೊಡ್ಡ ಅನುಕೂಲ ಇಲ್ಲಿ ತಿಳಿಯುತ್ತದೆ. ಬೀದಿಯ ಯಾವುದೇ ಜಾಗದಲ್ಲಿ, ಹತ್ತಿರವಿರಲಿ ದೂರವಿರಲಿ, ನೆಲದಿಂದ ಕಣ್ಮಟ್ಟದವರೆಗಿನ ಅಂತರವು ಆ ಜಾಗದ ನಾಲ್ಕು ಅಡಿಯೇ ಆಗಿರುತ್ತದೆ. ಜಗಲಿ ಆ ಅಂತರದ ಕಾಲು ಭಾಗ, ಬಾಗಿಲಿನ ತಲೆ ಅದರ ಒಂದೂವರೆ ಪಟ್ಟು, ಸೂರು ಎರಡು ಪಟ್ಟು. ಬೀದಿಯಲ್ಲಿ ಒಬ್ಬ ಹೆಂಗಸು ಕೊಡ ಹೊತ್ತು ಹೋಗುವುದನ್ನು ಬರೆಯಬೇಕೆಂದರೆ, ಆಕೆಯ ಪಾದ ಊರಿದ ಜಾಗದಿಂದ ಕಣ್ಮಟ್ಟಕ್ಕೆ ಎಷ್ಟಿದೆಯೋ ಅಳೆದು, ಅದಕ್ಕೆ ಅದರ ಮೂರನೆಯ ಒಂದು ಭಾಗವನ್ನು ಸೇರಿಸಿದರೆ 5 ಅಡಿ 4 ಅಂಗುಲದ ಆಳು ಸಿದ್ಧವಾಗುತ್ತದೆ. ಎತ್ತರಗಳಿಗೆ ಇದಕ್ಕಿಂತ ಹೆಚ್ಚಿನ ಲೆಕ್ಕ ಬೇಕಿಲ್ಲ.

ಕಷ್ಟವಿರುವುದು ಆಳದಲ್ಲಿ. ಪ್ರತಿ ಮನೆಯೂ 12 ಅಡಿ ಅಗಲವಿದ್ದು, ಒಂದು ಬದಿಯಲ್ಲಿ ಆರು ಮನೆಗಳಿದ್ದರೆ, ಚಿತ್ರದಲ್ಲಿ ಮೊದಲ ಮನೆ ಎಲ್ಲಿ ಮುಗಿದು ಎರಡನೆಯದು ಎಲ್ಲಿ ಆರಂಭವಾಗಬೇಕು? ಕೂಡುಬಿಂದುವಿಗೆ ಎಳೆದ ಗೆರೆಗಳು ಇದಕ್ಕೆ ಉತ್ತರ ಹೇಳುವುದಿಲ್ಲ. ಕಣ್ಣಂದಾಜಿನಲ್ಲಿ ಹಂಚುವವರು ಒಂದೋ ಮನೆಗಳನ್ನು ಸಮ ಅಂತರದಲ್ಲಿ ಇಡುತ್ತಾರೆ, ಆಗ ದೂರದ ಮನೆಗಳು ಅಸಾಧ್ಯ ಉದ್ದದವಾಗಿ ತೋರುತ್ತವೆ. ಇಲ್ಲವೇ ಪ್ರತಿ ಮನೆಯನ್ನೂ ಹಿಂದಿನದರ ಮೂರನೆಯ ಎರಡು ಭಾಗದಷ್ಟು ಎಂಬ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತ ಹೋಗುತ್ತಾರೆ. ಈ ಎರಡನೆಯ ಅಭ್ಯಾಸ ಬಹಳ ಹಳೆಯದು. ಇಟಲಿಯ ಲಿಯೊನ್ ಬತ್ತಿಸ್ತ ಆಲ್ಬರ್ಟಿ 1435ರ ವೇಳೆಗೆ ಚಿತ್ರಕಲೆಯ ಕುರಿತು ಬರೆಯುವಾಗಲೇ, ತನ್ನ ಕಾಲದ ವರ್ಣಚಿತ್ರಕಾರರು ನೆಲದ ಪಟ್ಟಿಗಳನ್ನು ಹೀಗೆ ಮೂರನೆಯ ಎರಡರ ಲೆಕ್ಕದಲ್ಲಿ ಕುಗ್ಗಿಸುವುದು ತಪ್ಪೆಂದು ಹೇಳಿ, ನೋಡುವವನು ಚಿತ್ರದಿಂದ ಎಷ್ಟು ದೂರ ನಿಂತಿದ್ದಾನೆ ಎಂಬುದರಿಂದಲೇ ಆ ಅಂತರಗಳನ್ನು ಪಡೆಯುವ ಕ್ರಮವನ್ನು ವಿವರಿಸಿದ್ದ.

ನಮ್ಮ ಪರದೆಗೆ ಆ ದೂರವನ್ನು 24 ಅಡಿ ಎಂದು ಇಟ್ಟುಕೊಳ್ಳೋಣ. ಸಭೆಯ ಮುಂದಿನ ಸಾಲುಗಳಲ್ಲಿ ಕುಳಿತವರಿಗೂ ಪರದೆಗೂ ಸುಮಾರು ಇಷ್ಟು ಅಂತರವಿರುತ್ತದೆ. ಪರದೆಯ ಅಗಲದ ಒಂದೂವರೆ ಪಟ್ಟು ಇರುವುದರಿಂದ ಚಿತ್ರದ ಅಂಚುಗಳು ಜಗ್ಗಿದಂತೆ ಕಾಣುವ ಭಯವೂ ಇಲ್ಲ. ವಿಧಾನದ ಪ್ರಕಾರ ಕಣ್ಮಟ್ಟದ ಮೇಲೆ ಕೂಡುಬಿಂದುವಿನಿಂದ 24 ಅಂಗುಲ ದೂರದಲ್ಲಿ ಇನ್ನೊಂದು ಬಿಂದುವನ್ನು ಗುರುತಿಸಬೇಕು. ಅದು ಹಾಳೆಯ ಆಚೆ ಹೋಗುತ್ತದೆ. ಹಾಗಾಗಿ ಆಳಕ್ಕೆ ಸಂಬಂಧಿಸಿದ ಎರಡು ಅಳತೆಗಳನ್ನು ಮಾತ್ರ ನಾಲ್ಕರಿಂದ ಭಾಗಿಸುತ್ತೇವೆ: 24ರ ಬದಲು 6 ಅಂಗುಲ, ಮನೆಯ ಅಗಲ 12ರ ಬದಲು 3 ಅಂಗುಲ. ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದರಿಂದ ಫಲಿತಾಂಶ ಬದಲಾಗುವುದಿಲ್ಲ. ಕೂಡುಬಿಂದುವನ್ನು ಎಡ ಅಂಚಿನಿಂದ ಸರಿಯಾಗಿ 6 ಅಂಗುಲದಲ್ಲಿ ಇಟ್ಟಿರುವುದರಿಂದ ಬೇಕಾದ ಬಿಂದು ಕಣ್ಮಟ್ಟದ ಗೆರೆ ಎಡ ಅಂಚನ್ನು ಮುಟ್ಟುವ ಜಾಗದಲ್ಲೇ ಸಿಗುತ್ತದೆ.

ಈಗ ಕೆಳ ಅಂಚಿನಲ್ಲಿ ಎಡ ಮೂಲೆಯಿಂದ ಬಲಕ್ಕೆ 3, 6, 9, 12, 15 ಅಂಗುಲಗಳಲ್ಲಿ ಗುರುತು ಹಾಕಿ, ಆರನೆಯ ಮನೆಗಾಗಿ ಚೌಕಟ್ಟಿನ ಆಚೆ 18ರಲ್ಲೂ ಒಂದು ಗುರುತು ಹಾಕಬೇಕು. ಹಾಳೆ ಅಷ್ಟು ಉದ್ದವಿರದಿದ್ದರೆ ಪಕ್ಕಕ್ಕೆ ಒಂದು ತುಂಡು ಅಂಟಿಸಿಕೊಂಡರಾಯಿತು. ಪ್ರತಿಯೊಂದು ಗುರುತಿನಿಂದಲೂ ಎಡ ಅಂಚಿನ ಆ ಬಿಂದುವಿಗೆ ತೆಳುವಾದ ಗೆರೆ ಎಳೆದರೆ, ಅವು ಎಡಗೋಡೆಯ ಬುಡದ ಗೆರೆಯನ್ನು ಒಂದೊಂದು ಕಡೆ ಕತ್ತರಿಸುತ್ತವೆ. ಮನೆಗಳು ಮುಗಿಯುವ ಜಾಗಗಳು ಅವೇ. ಆ ಬಿಂದುಗಳಿಂದ ಬಲಗೋಡೆಯ ಬುಡದವರೆಗೆ ಅಡ್ಡಗೆರೆ ಎಳೆದರೆ ಎದುರುಸಾಲಿನ ಮನೆಗಳ ಗಡಿಯೂ ಸಿಗುತ್ತದೆ. ನೆಲದ ಮೇಲಿನ ಚೌಕ ಎಂದು ಮೊದಲು ಹೇಳಿದ್ದು ಇದನ್ನೇ.

ಸ್ಕೇಲಿನಿಂದ ಅಳೆದು ನೋಡಿದರೆ ಅಡ್ಡಗೆರೆಗಳು ಕೆಳ ಅಂಚಿನಿಂದ ಮೊದಲನೆಯದು 1.33, ಎರಡನೆಯದು 2, ಮೂರನೆಯದು 2.4, ನಾಲ್ಕನೆಯದು 2.67, ಐದನೆಯದು 2.86, ಆರನೆಯದು 3 ಅಂಗುಲ ಎತ್ತರದಲ್ಲಿ ಬಂದಿರಬೇಕು. ಬಟ್ಟೆಯ ಮೇಲೆ ಹೇಳುವುದಾದರೆ ಮೊದಲ ಮನೆ 16 ಅಂಗುಲ ಏರುತ್ತದೆ, ಎರಡನೆಯದು 8, ಮೂರನೆಯದು ಐದಕ್ಕೆ ತುಸು ಕಡಿಮೆ, ನಾಲ್ಕನೆಯದು ಮೂರಕ್ಕೆ ತುಸು ಹೆಚ್ಚು. ಮೊದಲ ಜಿಗಿತದಲ್ಲಿ ಅರ್ಧಕ್ಕರ್ಧ ಕಡಿಮೆಯಾದದ್ದು ಮುಂದೆ ನಿಧಾನವಾಗುತ್ತದೆ. ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಏಕೆ ತಪ್ಪಾಗುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ. ಗೆರೆಗಳು ಸರಿಯೇ ಎಂದು ಪರೀಕ್ಷಿಸಲು ಆಲ್ಬರ್ಟಿ ಹೇಳಿದ ಉಪಾಯವೇ ಇಂದಿಗೂ ಸಾಕು: ನೆಲದ ಒಂದು ಚೌಕದ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಮುಂದುವರಿಸಿದರೆ ಅದು ಹಿಂದಿನ ಚೌಕಗಳ ಮೂಲೆಗಳನ್ನೂ ಹಾದುಹೋಗಬೇಕು. ಇದಕ್ಕಾಗಿ ಒಂದೇ ಅಗಲದ ಎರಡು ಮೂರು ಪಟ್ಟಿಗಳು ಪಕ್ಕಪಕ್ಕದಲ್ಲಿರಬೇಕು. ಕೆಳ ಅಂಚನ್ನು ನಾಲ್ಕು ಸಮಭಾಗ ಮಾಡಿ ಕೂಡುಬಿಂದುವಿಗೆ ಸೇರಿಸಿಕೊಂಡರೆ ಅವು ದೊರೆಯುತ್ತವೆ. ಎಲ್ಲಾದರೂ ಮೂಲೆ ತಪ್ಪಿದರೆ ಅಲ್ಲಿನ ಅಡ್ಡಗೆರೆ ತಪ್ಪಾಗಿದೆ ಎಂದರ್ಥ.

ಬಾಗಿಲನ್ನು ಮನೆಯ ನಡುವೆ ಇಡಲು ಸ್ಕೇಲು ಬಳಸಬಾರದು. ಗಡಿಗಳಿಂದ ನೇರ ಮೇಲಕ್ಕೆ ಗೆರೆ ಎತ್ತಿದಾಗ ಪ್ರತಿ ಮನೆಯ ಗೋಡೆಯೂ ಒಂದು ಓರೆಯಾದ ನಾಲ್ಕು ಮೂಲೆಯ ಆಕೃತಿಯಾಗುತ್ತದೆ. ಅದರ ಎದುರುಬದಿರು ಮೂಲೆಗಳನ್ನು ಸೇರಿಸಿದರೆ ಎರಡು ಗೆರೆಗಳು ಅಡ್ಡಹಾಯುವ ಜಾಗವೇ ಗೋಡೆಯ ನಿಜವಾದ ಮಧ್ಯ. ನಮ್ಮ ಎಡಬದಿಯ ಮೊದಲ ಮನೆ ಬಟ್ಟೆಯ ಮೇಲೆ ಎರಡು ಅಡಿ ಅಗಲ ಕಾಣುತ್ತದೆ. ಅದರ ಮಧ್ಯ ಒಂದು ಅಡಿಯಲ್ಲಿ ಬರುವುದಿಲ್ಲ, 1 ಅಡಿ 2 ಅಂಗುಲದ ಆಚೆ ಬರುತ್ತದೆ. ಸಣ್ಣ ವ್ಯತ್ಯಾಸವಾದರೂ ಎಲ್ಲ ಬಾಗಿಲುಗಳಲ್ಲೂ ಇದೇ ತಪ್ಪು ಸೇರಿದಾಗ ಬೀದಿ ಮುರಿದಂತೆ ತೋರುತ್ತದೆ.

ಮಾಡಿನ ವಿಷಯಕ್ಕೆ ಬಂದಾಗ ಬಹುತೇಕ ಬೀದಿ ಪರದೆಗಳು ಎಡವುತ್ತವೆ. ಹೆಂಚಿನ ಮನೆಯೆಂದರೆ ಕೆಂಪು ಮಾಡು ಕಾಣಲೇಬೇಕೆಂಬ ಆಸೆಯಿಂದ ಎರಡೂ ಬದಿಗೆ ಅಗಲವಾದ ಕೆಂಪು ಪಟ್ಟಿಗಳನ್ನು ಬಳಿಯುತ್ತಾರೆ. ಆದರೆ ಕಿರಿದಾದ ಬೀದಿಯಲ್ಲಿ ಕೆಳಗೆ ನಿಂತವನಿಗೆ ಮಾಡು ಕಾಣುವುದು ಅದರ ಇಳಿಜಾರನ್ನು ಅವಲಂಬಿಸಿದೆ. ಮಾಡಿನ ತುದಿ ಗೋಡೆಯಿಂದ 8 ಅಡಿ ಹಿಂದೆ, ಸೂರಿಗಿಂತ 4 ಅಡಿ ಮೇಲೆ ಇದೆ ಎಂದುಕೊಳ್ಳಿ. ಹಾಳೆಯ ಎಡ ಅಂಚಿನಿಂದ 8 ಅಂಗುಲ ಹೊರಗೆ, 12 ಅಂಗುಲ ಎತ್ತರದಲ್ಲಿ ಒಂದು ಗುರುತು ಹಾಕಿ ಅದನ್ನು ಕೂಡುಬಿಂದುವಿಗೆ ಸೇರಿಸಿದರೆ, ಆ ಗೆರೆ ಎಡ ಅಂಚನ್ನು ಏಳೂವರೆ ಅಂಗುಲದ ಸಮೀಪ ದಾಟುತ್ತದೆ. ಸೂರು ಇರುವುದು ಎಂಟರಲ್ಲಿ. ಅಂದರೆ ಮಾಡಿನ ತುದಿ ಸೂರಿನ ಹಿಂದೆ ಪೂರ್ತಿ ಮರೆಯಾಗಿದೆ. ಎಡಸಾಲಿನಲ್ಲಿ ಕಾಣಬೇಕಾದದ್ದು ಸೂರಿನಡಿಯ ನೆರಳು, ರೀಪುಗಳು ಮತ್ತು ಹೆಂಚಿನ ತುದಿಗಳು ಮಾತ್ರ. ಬಲಸಾಲು ನಮ್ಮಿಂದ ಹೆಚ್ಚು ದೂರವಿರುವುದರಿಂದ ಅಲ್ಲಿ, ಪರದೆಯ ಅಂಚಿನಲ್ಲಿ, ಬಟ್ಟೆಯ ಮೇಲಿನ ಅಳತೆಯಲ್ಲಿ ಐದು ಅಂಗುಲದಷ್ಟು ಕೆಂಪು ಪಟ್ಟಿ ಕಾಣುತ್ತದೆ. ಸಕಲೇಶಪುರದ ಕಡೆ, ಮೂಡಿಗೆರೆಯ ಕಡೆ ಮಳೆ ಜೋರಾದ್ದರಿಂದ ಮಾಡು ಕಡಿದಾಗಿರುತ್ತದೆ. ಅಂಥ ಮನೆಗಳನ್ನು ಬರೆಯುವುದಾದರೆ ತುದಿಯನ್ನು ಸೂರಿಗಿಂತ 8 ಅಡಿ ಮೇಲೆ ಹಿಡಿಯಬಹುದು. ಆಗ ಎಡ ಅಂಚಿನಲ್ಲೂ ಒಂದು ಅಡಿಗಿಂತ ಹೆಚ್ಚು ಮಾಡು ಕಾಣುತ್ತದೆ. ಮಾಡು ಕಾಣಲೇಬೇಕೆಂಬವರು ಬಣ್ಣವನ್ನು ಅಗಲ ಮಾಡುವುದಕ್ಕಿಂತ ಮಲೆನಾಡಿನ ಮನೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ಆ ಕಡೆಯ ಏರುಬೀದಿಗಳನ್ನು ಬರೆಯಲು ಈ ಲೆಕ್ಕ ಹಾಗೆಯೇ ಒದಗುವುದಿಲ್ಲ. ಏರುವ ನೆಲದ ಗೆರೆಗಳು ಕಣ್ಮಟ್ಟಕ್ಕಿಂತ ಮೇಲಿನ ಬೇರೊಂದು ಬಿಂದುವಿನಲ್ಲಿ ಕೂಡುತ್ತವೆ, ಮನೆಗಳ ಗೆರೆಗಳು ಮಾತ್ರ ಕಣ್ಮಟ್ಟದಲ್ಲೇ ಕೂಡುತ್ತವೆ. ಆದ್ದರಿಂದ ಮೊದಲ ಪರದೆಗೆ ಸಮತಟ್ಟಾದ ಬೀದಿಯನ್ನೇ ಇಟ್ಟುಕೊಳ್ಳಬೇಕು.

ಆರು ಮನೆ ದಾಟಿದ ಮೇಲೆ, 72 ಅಡಿ ಆಚೆ, ಎಲ್ಲವೂ ನಿಜ ಗಾತ್ರದ ಕಾಲು ಭಾಗವಾಗುತ್ತದೆ. ಬೀದಿ ನಾಲ್ಕು ಅಡಿಗೆ ಇಳಿಯುತ್ತದೆ, 16 ಅಡಿ ಎತ್ತರದ ಗುಡಿಯೂ ಬಟ್ಟೆಯ ಮೇಲೆ ನಾಲ್ಕು ಅಡಿಯಾಗಿ, ಅದರ ಕಳಶ ಕೆಳ ಅಂಚಿನಿಂದ ಏಳು ಅಡಿ ಎತ್ತರಕ್ಕೆ ಬರುತ್ತದೆ. ಗುಡಿಯ ಮುಂಭಾಗ ನಮಗೆ ನೇರ ಎದುರಾಗಿರುವುದರಿಂದ ಅದರ ಗೆರೆಗಳನ್ನು ಕೂಡುಬಿಂದುವಿಗೆ ಎಳೆಯುವ ಹಾಗಿಲ್ಲ. ಅಡ್ಡಗೆರೆಗಳು ಅಡ್ಡವಾಗಿಯೇ, ಕಂಬಗಳು ನೆಟ್ಟಗೆಯೇ ಇರಬೇಕು.

ಸಣ್ಣ ಚಿತ್ರ ಮುಗಿದ ಮೇಲೆಯೇ ನಕಲಿನ ಚೌಕದ ಸರದಿ. ಹಾಳೆಯ ಮೇಲೆ ಎರಡೆರಡು ಅಂಗುಲದ ಚೌಕ ಹಾಕಿದರೆ ಅಡ್ಡಕ್ಕೆ ಎಂಟು, ಮೇಲಕ್ಕೆ ಐದು, ಒಟ್ಟು 40 ಚೌಕಗಳಾಗುತ್ತವೆ. ಕಣ್ಮಟ್ಟವೂ ಕೂಡುಬಿಂದುವೂ ಚೌಕದ ಗೆರೆಗಳ ಮೇಲೆಯೇ ಬೀಳುತ್ತವೆ. ಬಟ್ಟೆಯ ಮೇಲೆ ಇವೇ ಎರಡೆರಡು ಅಡಿಯ ಚೌಕಗಳು. ದಪ್ಪ ಹತ್ತಿ ಬಟ್ಟೆಯನ್ನು ಮರದ ಚೌಕಟ್ಟಿಗೆ ಎಳೆದು ಕಟ್ಟಿ, ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೆ ಗೆರೆ ಹಾಕಬೇಕು. ಪ್ರೈಮರ್‌ನ ನೀರಿಗೆ ಬಟ್ಟೆ ಕುಗ್ಗುತ್ತದೆ, ಮೊದಲೇ ಹಾಕಿದ ಚೌಕಗಳು ಅದರೊಡನೆ ಸೊಟ್ಟಗಾಗುತ್ತವೆ. ಗೆರೆ ಹಾಕುವ ಮೊದಲು ಎರಡೂ ಓರೆ ಅಳತೆಗಳನ್ನು ಟೇಪಿನಿಂದ ನೋಡಬೇಕು. ಅವೆರಡೂ ಸಮವಾಗಿ, ಸುಮಾರು 18 ಅಡಿ 10 ಅಂಗುಲ ಬಂದರೆ ಮೂಲೆಗಳು ನೇರವಾಗಿವೆ ಎಂದರ್ಥ. ಗೆರೆಗೆ ಇದ್ದಿಲಿನ ಪುಡಿ ಹಚ್ಚಿದ ದಾರವನ್ನು ಎರಡು ತುದಿಯಲ್ಲಿ ಬಿಗಿಹಿಡಿದು ಚಿಮ್ಮಿದರೆ ಸಾಕು, ಒಣಬಟ್ಟೆಯಿಂದ ಕೊಡವಿದರೆ ಅದು ಹೋಗುತ್ತದೆ. ಕೆಂಪು ಪುಡಿ ಬಳಸಿದರೆ ಮೇಲಿನ ತಿಳಿ ಬಣ್ಣದೊಳಗಿಂದಲೂ ಇಣುಕುತ್ತದೆ.

ಚೌಕಗಳ ಸಹಾಯದಿಂದ ಎಲ್ಲವನ್ನೂ ನಕಲಿಸಬೇಕಾಗಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೂಡುಬಿಂದು ಬರುವ ಕಡೆ ಬಟ್ಟೆಯ ಹಿಂದೆ ಒಂದು ಪಟ್ಟಿ ಕೊಟ್ಟು, ಅಲ್ಲಿ ಸಣ್ಣ ಮೊಳೆ ಹೊಡೆದು, 12 ಅಡಿ ಉದ್ದದ ದಾರ ಕಟ್ಟಿದರೆ, ಒಳಗೆ ಹೋಗುವ ಪ್ರತಿಯೊಂದು ಗೆರೆಯನ್ನೂ ಆ ದಾರದಿಂದಲೇ ಎಳೆಯಬಹುದು. ಚೌಕದಿಂದ ಚೌಕಕ್ಕೆ ದಾಟಿಸಿದ ಉದ್ದಗೆರೆ ಪ್ರತಿ ಗಡಿಯಲ್ಲೂ ಕೂದಲೆಳೆಯಷ್ಟು ಬಾಗುತ್ತದೆ, ದಾರ ಬಾಗುವುದಿಲ್ಲ. ನೆಟ್ಟನೆಯ ಗೆರೆಗಳಿಗೆ ಗಾರೆಯವರು ಬಳಸುವ ತೂಕದ ಗುಂಡು ಸಾಕು. ಮರ, ಗಾಡಿ, ಗುಡಿಯ ಶಿಖರ, ಹಿಂದಿನ ಬೆಟ್ಟದ ಸಾಲು ಮುಂತಾದ ಬಾಗಿದ ಆಕೃತಿಗಳಿಗೆ ಮಾತ್ರ ಚೌಕ ನೋಡಬೇಕು. ಗುಡಿಯಿರುವ ಚೌಕಗಳಲ್ಲಿ ವಿವರ ಹೆಚ್ಚಿರುವುದರಿಂದ ಅವನ್ನಷ್ಟೇ ನಾಲ್ಕು ಭಾಗ ಮಾಡಿಕೊಳ್ಳಬಹುದು.

ಬಣ್ಣವನ್ನು ಹಿಂದಿನಿಂದ ಮುಂದಕ್ಕೆ ಹಚ್ಚಬೇಕು: ಮೊದಲು ಆಕಾಶ, ಬೆಟ್ಟ, ಗುಡಿ, ನಂತರ ಆರನೆಯ ಮನೆ, ಕೊನೆಗೆ ಮೊದಲನೆಯದು. ಬೆಟ್ಟಕ್ಕೆ ಕಲಸಿದ ನೀಲಿ ಬೂದು ಬಣ್ಣವನ್ನು ಒಂದು ಡಬ್ಬಿಯಲ್ಲಿ ಉಳಿಸಿಕೊಂಡು, ದೂರದ ಮನೆಯ ಗೋಡೆ, ಹೆಂಚು, ಬಾಗಿಲಿನ ಬಣ್ಣಗಳಿಗೆಲ್ಲ ಅದನ್ನೇ ಹೆಚ್ಚಾಗಿ ಬೆರೆಸಿ, ಮುಂದೆ ಬಂದಂತೆ ಕಡಿಮೆ ಮಾಡುತ್ತ, ಮೊದಲ ಮನೆಗೆ ಬೆರೆಸದೆ ಬಿಡಬೇಕು. ಆರನೆಯ ಮನೆಯ ಹೆಂಚು ಮೊದಲನೆಯದರಷ್ಟೇ ಕೆಂಪಾಗಿದ್ದರೆ ಗೆರೆಗಳೆಲ್ಲ ಸರಿಯಿದ್ದರೂ ಅದು ಮುಂದಕ್ಕೆ ಹಾರಿ ಬಂದಂತಿರುತ್ತದೆ. ಹೆಂಚಿನ ಸಾಲು, ಬಾಗಿಲಿನ ತೋರಣ, ಗೋಡೆಯ ಬಿರುಕು ಇವೆಲ್ಲ ಮೊದಲೆರಡು ಮನೆಗಳಿಗೆ ಸಾಕು.

ಇಷ್ಟೆಲ್ಲ ಸರಿಯಾಗಿದ್ದರೂ ಪಾತ್ರಧಾರಿ ಪರದೆಗೆ ತಾಗಿ ಗುಡಿಯ ಪಕ್ಕದಲ್ಲಿ ನಿಂತರೆ ಆಳದ ಭ್ರಮೆ ಆ ಕ್ಷಣವೇ ಒಡೆಯುತ್ತದೆ, ಏಕೆಂದರೆ ಗುಡಿಯ ಬಾಗಿಲು ಬಟ್ಟೆಯ ಮೇಲೆ ಒಂದೂವರೆ ಅಡಿಗಿಂತ ದೊಡ್ಡದಿರುವುದಿಲ್ಲ. ಇಟಲಿಯ ವಿಚೆಂಜಾ ಊರಿನಲ್ಲಿ 1585ರಲ್ಲಿ ಆರಂಭವಾದ ಒಲಿಂಪಿಕೊ ರಂಗಮಂದಿರದಲ್ಲಿ ಮರದಿಂದ ಕಟ್ಟಿದ, ಹಿಂದೆ ಹೋದಂತೆ ಕಿರಿದಾಗುವ ಬೀದಿಗಳು ಇಂದಿಗೂ ಇವೆ. ಅವುಗಳೊಳಗೆ ಹೆಜ್ಜೆಯಿಡಲು ಜಾಗವಿದ್ದರೂ ನಟ ಒಳಹೋದಷ್ಟೂ ಮನೆಗಳೆದುರು ದೈತ್ಯನಂತೆ ಬೆಳೆಯುತ್ತಾನೆ. ಬಟ್ಟೆಯ ಪರದೆಗೂ ಈ ಮಿತಿ ತಪ್ಪಿದ್ದಲ್ಲ. ರಂಗದ ನೆಲದ ಮೇಲೆ ಪರದೆಯಿಂದ ಮೂರು ಅಡಿ ಮುಂದೆ ಒಂದು ಗೆರೆ ಹಾಕಿ, ಅದನ್ನು ದಾಟಿ ಯಾರೂ ಹಿಂದೆ ಸರಿಯದಂತೆ ತಾಲೀಮಿನಲ್ಲೇ ಅಭ್ಯಾಸ ಮಾಡಿಸಬೇಕು. ದೀಪಗಳನ್ನು ಎರಡು ಬದಿಗಳಿಂದ ಎತ್ತರದಲ್ಲಿಟ್ಟರೆ ಪಾತ್ರಗಳ ನೆರಳೂ ಚಿತ್ರದ ಆಕಾಶದ ಮೇಲೆ ಬೀಳದೆ ನೆಲದ ಕಡೆಗೆ ಇಳಿಯುತ್ತದೆ.